ಕಾಂಪೌಂಡ್ ಗೋಡೆ, ಗೇಟು, ಬೋರ್‌ವೆಲ್‌ಗೆ ವಿಮೆ: ಹಣ ಸಿಕ್ಕವರ, ಸಿಗದವರ ಅನುಭವ

ಪ್ರಶ್ನೆ (ಮೈಸೂರು): ನಮ್ಮದು ಊರ ಹೊರಗಿನ 40×60 ಅಡಿ ನಿವೇಶನದಲ್ಲಿ ಕಟ್ಟಿದ ಸ್ವಂತ ಮನೆ. ಸಾಲ ಕೊಟ್ಟ ಬ್ಯಾಂಕಿನವರು ಭಾರತ್ ಗೃಹ ರಕ್ಷಾ ಪಾಲಿಸಿಯನ್ನು 26 ಲಕ್ಷ ರೂಪಾಯಿಗೆ ಮಾಡಿಸಿಕೊಟ್ಟಿದ್ದಾರೆ. ಕಾಂಪೌಂಡು, ಗೇಟು, ಸಂಪು, ಬೋರ್‌ವೆಲ್, ಕೈತೋಟ ಇವೆಲ್ಲ ಅದರೊಳಗೆ ಬರುತ್ತವೆಯೇ? ನಿಜವಾಗಿ ಕ್ಲೇಮು ಮಾಡಿದವರು ದಯವಿಟ್ಟು ತಿಳಿಸಿ.

ದಾವಣಗೆರೆಯಿಂದ: ಚಿಂತಿಸುವ ಅಗತ್ಯವಿಲ್ಲ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ಪಾಲಿಸಿಯಲ್ಲಿ ಕಾಂಪೌಂಡ್ ಗೋಡೆ, ಬೇಲಿ, ಗೇಟು ಎಲ್ಲವೂ ಮನೆಯ ಭಾಗವೆಂದೇ ಬರೆದಿದೆ. ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರಿ ಎಂಬ ಕಾರಣಕ್ಕೆ ಕ್ಲೇಮು ಕಡಿತ ಮಾಡುವ ಹಳೆಯ ಪದ್ಧತಿಯನ್ನೂ ಇದರಲ್ಲಿ ಕೈಬಿಟ್ಟಿದ್ದಾರೆ. ಆದ್ದರಿಂದ ಗೋಡೆ ಬಿದ್ದರೆ ಪೂರ್ತಿ ಹಣ ಕೊಡಲೇಬೇಕು.

ತುಮಕೂರಿನಿಂದ (ನಿವೃತ್ತ ವಿಮಾ ಸರ್ವೇಯರ್): ದಾವಣಗೆರೆಯವರು ಹೇಳಿದ್ದರಲ್ಲಿ ಅರ್ಧ ಸರಿ. ಗೋಡೆ, ಬೇಲಿ, ಗೇಟು, ಮಣ್ಣು ತಡೆಯುವ ಗೋಡೆ, ಆವರಣದೊಳಗಿನ ರಸ್ತೆ, ಪೋರ್ಟಿಕೊ, ಸೆಪ್ಟಿಕ್ ಟ್ಯಾಂಕು, ನೆಲಕ್ಕೆ ಕಟ್ಟಿದ ನೀರಿನ ತೊಟ್ಟಿ, ಸೋಲಾರ್ ಫಲಕ ಇವೆಲ್ಲ ಪಾಲಿಸಿಯ ಭಾಷೆಯಲ್ಲಿ ‘ಹೆಚ್ಚುವರಿ ರಚನೆಗಳು’. ಅವು ಅದೇ ನಿವೇಶನದಲ್ಲಿದ್ದು ಮನೆಯ ಬಳಕೆಯವಾಗಿರಬೇಕು. ಆದರೆ ಅವುಗಳ ಮೊತ್ತ ಮುಖ್ಯ ಕಟ್ಟಡದ ಲೆಕ್ಕದೊಳಗೆ ಸೇರಿರುವುದಿಲ್ಲ. ಮನೆಗೆ ಕಾರ್ಪೆಟ್ ವಿಸ್ತೀರ್ಣವನ್ನು ಚದರ ಮೀಟರಿನಲ್ಲಿ ಹಿಡಿದು ನಿರ್ಮಾಣ ದರದಿಂದ ಗುಣಿಸುತ್ತಾರೆ. ಹೆಚ್ಚುವರಿ ರಚನೆಗಳಿಗೆ ನೀವು ಘೋಷಿಸಿ ಕಂಪನಿ ಒಪ್ಪಿಕೊಂಡ ಮೊತ್ತವನ್ನು ಬೇರೆಯಾಗಿ ಕೂಡಿಸುತ್ತಾರೆ. ಕಡಿತವಿಲ್ಲ ಎಂಬ ನಿಯಮದ ಅರ್ಥ ನಷ್ಟದಲ್ಲಿ ಪ್ರಮಾಣಾನುಸಾರ ಕತ್ತರಿ ಹಾಕುವುದಿಲ್ಲ ಎಂದಷ್ಟೇ. ಪಾಲಿಸಿಯ ವಿವರಪಟ್ಟಿಯಾದ ಶೆಡ್ಯೂಲಿನಲ್ಲಿ ಬರೆದ ಮೊತ್ತವನ್ನು ಮೀರಿ ಕೊಡುತ್ತಾರೆ ಎಂದಲ್ಲ.

ಬ್ಯಾಂಕಿನವರು ಮಾಡಿಸಿದ ಪಾಲಿಸಿಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಶೆಡ್ಯೂಲಿನ ಹೆಚ್ಚುವರಿ ರಚನೆಗಳ ಸಾಲು ಖಾಲಿ ಬಿದ್ದಿರುವುದನ್ನೇ. ಅವರಿಗೆ ಬೇಕಾದದ್ದು ಸಾಲಕ್ಕೆ ಭದ್ರತೆಯಾಗುವ ಕಟ್ಟಡ, ನಿಮ್ಮ ಗೇಟಲ್ಲ. ಮೈಸೂರಿನವರ 26 ಲಕ್ಷವನ್ನೇ ನೋಡಿ: 130 ಚದರ ಮೀಟರು ಮನೆ, ಚದರ ಮೀಟರಿಗೆ 20,000 ರೂಪಾಯಿ ಎಂದು ಹಿಡಿದರೆ ಮನೆಯೊಂದಕ್ಕೇ ಅಷ್ಟೂ ಮುಗಿಯುತ್ತದೆ. ಅವರ ನಿವೇಶನದ ಸುತ್ತಳತೆ 200 ಅಡಿ. ಗೇಟಿನ 12 ಅಡಿ ಕಳೆದರೆ 188 ಅಡಿ ಗೋಡೆ. ರನ್ನಿಂಗ್ ಅಡಿಗೆ 1,500 ರೂಪಾಯಿಯಂತೆ 2,82,000 ಆಯಿತು. ಗೇಟಿಗೆ 70,000, ಸಂಪಿಗೆ 80,000 ಸೇರಿಸಿದರೆ 4,32,000 ರೂಪಾಯಿ. ದರಗಳು ನನ್ನ ಅಂದಾಜು, ನಿಮ್ಮ ಮೇಸ್ತ್ರಿಯಿಂದ ಬರೆಸಿಕೊಂಡು ತಿದ್ದಿಕೊಳ್ಳಿ. ಈ ಮೊತ್ತವನ್ನು ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಮಾಡಿಸುವ ತಿದ್ದುಪಡಿಯ ಮೂಲಕ ಸೇರಿಸಲು ಈಗಲೇ ಕಂಪನಿಗೆ ಬರೆಯಿರಿ. ಮಳೆಗಾಲ ಮುಗಿಯಲಿ ಎಂದು ಕಾಯಬೇಡಿ.

ಶಿವಮೊಗ್ಗದಿಂದ: ನಮ್ಮ ಗೋಡೆ ನಿಜಕ್ಕೂ ಬಿದ್ದಿತ್ತಾದ್ದರಿಂದ ವಿವರವಾಗಿ ಬರೆಯುತ್ತೇನೆ. ನಮ್ಮ ಹಿತ್ತಲ ಕಡೆಯ ಗದ್ದೆ ನಮ್ಮ ಅಂಗಳಕ್ಕಿಂತ ಎರಡೂವರೆ ಅಡಿ ಎತ್ತರದಲ್ಲಿದೆ. ಆರಿಂಚಿನ ಸಿಮೆಂಟ್ ಬ್ಲಾಕಿನಲ್ಲಿ ಕಟ್ಟಿದ ಐದೂವರೆ ಅಡಿ ಗೋಡೆಯೇ ಅಲ್ಲಿಯ ಮಣ್ಣನ್ನೂ ತಡೆದುಕೊಂಡಿತ್ತು. ಜುಲೈ ತಿಂಗಳಲ್ಲಿ ಎರಡು ದಿನ ಬಿಡದೆ ಹೊಯ್ದ ಮಳೆಯ ನಂತರ, ಬೆಳಗಿನ ಜಾವ ಲಾರಿಯಿಂದ ಜಲ್ಲಿ ಸುರಿದಂತಹ ಸದ್ದಾಯಿತು. ಎದ್ದು ನೋಡಿದರೆ 42 ಅಡಿ ಗೋಡೆ ಅಂಗಳದೊಳಕ್ಕೆ ಮಲಗಿತ್ತು. ದಾಸವಾಳದ ಗಿಡಗಳು, ಒಂದು ಕರಿಬೇವಿನ ಮರ ಕೆಂಪು ಕೆಸರಿನಡಿ ಹೂತುಹೋಗಿದ್ದವು.

ಅದೃಷ್ಟಕ್ಕೆ ನಮ್ಮ ಶೆಡ್ಯೂಲಿನಲ್ಲಿ ಕಾಂಪೌಂಡು ಮತ್ತು ಗೇಟಿಗೆಂದು ಒಂದೂವರೆ ಲಕ್ಷ ಬರೆದಿತ್ತು. ಆದರೂ ಮೊದಲು ಬಂದದ್ದು ತಿರಸ್ಕಾರದ ಪತ್ರವೇ. ಗೋಡೆಯಲ್ಲಿ ನೀರು ಹೊರಹೋಗಲು ವೀಪ್ ಹೋಲ್ ಬಿಟ್ಟಿಲ್ಲ, ಆರಿಂಚಿನ ಗೋಡೆ ಮಣ್ಣಿನ ಒತ್ತಡ ತಾಳಲಾರದು, ಆದ್ದರಿಂದ ಇದು ದೋಷಯುಕ್ತ ವಿನ್ಯಾಸ ಎಂದು ಅದರಲ್ಲಿತ್ತು. ಕಟ್ಟಿದ ಮೇಸ್ತ್ರಿಯನ್ನು ಬಯ್ದುಕೊಂಡರೂ, ಮಾತು ಪೂರ್ತಿ ಸುಳ್ಳೆಂದು ಹೇಳುವಂತಿರಲಿಲ್ಲ.

ನಾವು ಉತ್ತರ ಬರೆದದ್ದು ಹೀಗೆ: ಗೋಡೆ ಬೀಳಲು ಕಾರಣ ಭೂಕುಸಿತವಲ್ಲ, ಗದ್ದೆಯಿಂದ ನುಗ್ಗಿ ನಿಂತ ನೆರೆನೀರು. ಬೀಳದೆ ಉಳಿದ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಕೆಸರಿನ ಗೆರೆ ಮೂಡಿತ್ತು. ಅದಕ್ಕೆ ಅಳತೆಯ ಟೇಪು ಹಿಡಿದು ತೆಗೆದ ಫೋಟೋ, ನೀರು ನಿಂತಿದ್ದಾಗ ಪಕ್ಕದ ಮನೆಯ ಹುಡುಗ ತೆಗೆದ ವಿಡಿಯೋ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಪಡೆದ ನಮ್ಮ ಗ್ರಾಮ ಪಂಚಾಯಿತಿಯ ಮಳೆಯ ದಾಖಲೆ, ಈ ಮೂರನ್ನೂ ಲಗತ್ತಿಸಿದೆವು. ಸರ್ವೇಯರ್ ಎರಡನೆಯ ಬಾರಿ ಬಂದು ಗೆರೆಯನ್ನು ಅಳೆದುಕೊಂಡು ಹೋದರು. ಕೊನೆಗೆ ನೀರು ನಿಂತದ್ದಕ್ಕೆ ಗುರುತಿದ್ದ 26 ಅಡಿಗೆ ಮಾತ್ರ 39,000 ರೂಪಾಯಿ ಮಂಜೂರಾಯಿತು. ಉಳಿದ 16 ಅಡಿ ಬರಿಯ ಮಣ್ಣಿನ ಒತ್ತಡದಿಂದ ಬಿತ್ತು ಎಂದು ಕೈಬಿಟ್ಟರು. ಅವಶೇಷ ತೆಗೆಯಲು ಕ್ಲೇಮಿನ ಶೇಕಡಾ 2ರವರೆಗೆ, ಅಂದರೆ 780 ರೂಪಾಯಿ ಬಂತು. ಟ್ರ್ಯಾಕ್ಟರಿನವನಿಗೆ ನಾವು ಕೊಟ್ಟದ್ದು 4,500. ಕಾಂಕ್ರೀಟ್ ಕಂಬ ನಿಲ್ಲಿಸಿ ಕಟ್ಟಿಸಿದ ಹೊಸ ಗೋಡೆಯ ಹೆಚ್ಚಿನ ಖರ್ಚನ್ನು ಅವರು ಒಪ್ಪಲಿಲ್ಲ. ಹಳೆಯದು ಹೇಗಿತ್ತೋ ಹಾಗೆ ಕಟ್ಟುವ ಖರ್ಚಷ್ಟೇ ಲೆಕ್ಕ. ಗಿಡಗಳಿಗೆ ಒಂದು ಪೈಸೆಯೂ ಇಲ್ಲ.

ತುಮಕೂರಿನಿಂದ (ನಿವೃತ್ತ ವಿಮಾ ಸರ್ವೇಯರ್): ಶಿವಮೊಗ್ಗದ ಮೇಡಂ ಸರಿಯಾದ ಎಳೆಯನ್ನೇ ಹಿಡಿದಿದ್ದಾರೆ. ದೋಷಯುಕ್ತ ವಿನ್ಯಾಸ, ಭರ್ತಿ ಮಾಡಿದ ಮಣ್ಣಿನ ಕುಸಿತ, ಹೊಸ ಕಟ್ಟಡದ ಸಹಜ ಬಿರುಕು, ಪಕ್ಕದಲ್ಲಿ ನಡೆಯುವ ಅಗೆತ ಇವೆಲ್ಲ ಪಾಲಿಸಿಯ ಅವಘಡಗಳ ಪಟ್ಟಿಯಲ್ಲಿ ಭೂಕುಸಿತದ ಸಾಲಿನ ಎದುರಿಗೆ ಬರೆದ ಹೊರಗಿಡುವಿಕೆಗಳು. ಬಿರುಗಾಳಿ, ನೆರೆ, ಜಲಾವೃತ ಎಂಬುದು ಬೇರೆಯೇ ಸಾಲು. ಹೀಗಾಗಿ ಗೋಡೆ ಬಿದ್ದಾಗ ‘ಮಳೆಗೆ ಬಿತ್ತು’ ಎಂದು ಒಂದೇ ಮಾತಿನಲ್ಲಿ ಬರೆದರೆ ಕೆಲಸ ಕೆಡುತ್ತದೆ. ಬರಿಯ ಮಳೆ ಪಟ್ಟಿಯಲ್ಲಿಲ್ಲ. ನೀರು ಎಲ್ಲಿಂದ ಬಂತು, ಎಷ್ಟು ಎತ್ತರ ನಿಂತಿತು, ಎಷ್ಟು ಹೊತ್ತು ನಿಂತಿತು ಎಂಬುದನ್ನು ಬರೆಯಬೇಕು, ಮಣ್ಣು ತೆಗೆಯುವ ಮೊದಲೇ ಫೋಟೋ ಹಿಡಿಯಬೇಕು. ಆ 16 ಅಡಿಯ ವಿಚಾರದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಒಂದೇ ಗೋಡೆ ಒಂದೇ ಸಲಕ್ಕೆ ಉರುಳಿದಾಗ, ಮೊದಲು ಬಿದ್ದ ಭಾಗ ಉಳಿದದ್ದನ್ನೂ ಎಳೆದುಕೊಂಡು ಹೋಗಿರಬಹುದು. ನಾನಾಗಿದ್ದರೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡುತ್ತಿದ್ದೆ.

ಶಿವಮೊಗ್ಗದಿಂದ: 24,000 ರೂಪಾಯಿಗೆ ಬೆಂಗಳೂರಿನ ಕಚೇರಿಯೊಂದಿಗೆ ಪತ್ರವ್ಯವಹಾರ ಮಾಡುತ್ತ ಕೂರುವುದು ಬೇಡವೆಂದು ನಮ್ಮ ಯಜಮಾನರು ಕೈಬಿಟ್ಟರು ಸರ್. ಸರಿಯೋ ತಪ್ಪೋ ತಿಳಿಯದು.

ಕೋಲಾರದಿಂದ: ಬೋರ್‌ವೆಲ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮದು 900 ಅಡಿ ಕೊರೆಸಿದ್ದು, ಎರಡೇ ವರ್ಷಕ್ಕೆ ನೀರು ನಿಂತಿತು. ಮತ್ತೊಂದು ಕೊರೆಸಿದರೆ ಧೂಳು ಬಂತು. ಇದಕ್ಕೆ ಯಾವ ಕಂಪನಿ ವಿಮೆ ಕೊಡುತ್ತದೆ ಎಂಬುದನ್ನು ತಿಳಿದವರು ಹೇಳಿ. ನಮ್ಮ ತೋಟದ ಮೋಟರಿಗೆ ಕೃಷಿ ಪಂಪ್‌ಸೆಟ್ ವಿಮೆ ಮಾಡಿಸಿದ್ದೆವು, ವೈಂಡಿಂಗ್ ಸುಟ್ಟಾಗ ಹಣ ಬಂತು. ಅದನ್ನೇ ಮನೆಗೂ ಮಾಡಿಸಬಹುದಲ್ಲವೇ?

ತುಮಕೂರಿನಿಂದ (ನಿವೃತ್ತ ವಿಮಾ ಸರ್ವೇಯರ್): ಆ ಪಾಲಿಸಿ ಕೃಷಿ ಬಳಕೆಯ ಪಂಪಿಗೆ ಮಾತ್ರ. ಮನೆಯ ಮೋಟರನ್ನು ತೋಟದ್ದೆಂದು ಬರೆಸಿದರೆ ಕ್ಲೇಮಿನ ದಿನ ಸಿಕ್ಕಿಬೀಳುತ್ತೀರಿ. ನೀರು ಬತ್ತುವುದಂತೂ ಗೃಹ ರಕ್ಷಾ ಪಟ್ಟಿಯಲ್ಲಿರುವ ಅವಘಡವೇ ಅಲ್ಲ.

ಮನೆಯ ಬೋರ್‌ವೆಲ್ಲನ್ನು ಮೂರು ಭಾಗ ಮಾಡಿ ನೋಡಿರಿ. ಕೊರೆದ ಬಾವಿ ಮತ್ತು ಕೇಸಿಂಗ್ ಪೈಪಿನ ಹೆಸರು ಹೆಚ್ಚುವರಿ ರಚನೆಗಳ ಪಟ್ಟಿಯಲ್ಲಿಲ್ಲ. ಸಂಪು ನೀರಿನ ತೊಟ್ಟಿಯಾದ್ದರಿಂದ ಒಳಗೆ ಬರುತ್ತದೆ, ಬೋರ್‌ವೆಲ್ ತೊಟ್ಟಿಯಲ್ಲ. ಮೋಟರು ಸುಟ್ಟರೆ ಬೇರೊಂದು ಅಡ್ಡಿಯಿದೆ: ಶಾರ್ಟ್ ಸರ್ಕ್ಯೂಟ್, ಅತಿಯಾದ ಓಟ, ತಾನಾಗಿ ಬಿಸಿಯಾಗುವುದು, ವಿದ್ಯುತ್ ಸೋರಿಕೆ ಇವುಗಳಿಂದ ಸುಟ್ಟ ಆ ಯಂತ್ರಕ್ಕೆ ಪರಿಹಾರವಿಲ್ಲ, ಕಾರಣ ಸಿಡಿಲೇ ಆದರೂ. ಅದರಿಂದ ಹೊತ್ತಿದ ಬೆಂಕಿ ಪಕ್ಕದ ಶೆಡ್ಡಿಗೆ ಹಬ್ಬಿದರೆ ಶೆಡ್ಡಿನ ನಷ್ಟ ಸಿಗುತ್ತದೆ, ಮೋಟರಿನದು ಸಿಗುವುದಿಲ್ಲ. ಮೂರನೆಯದು ಕೇಬಲ್ಲು ಮತ್ತು ಪ್ಯಾನೆಲ್ ಬೋರ್ಡು. ಇವಕ್ಕೆ ಕಾಟವೆಂದರೆ ಕಳ್ಳತನ. ಗೃಹ ರಕ್ಷಾದಲ್ಲಿ ಕಳ್ಳತನಕ್ಕೆ ಹಣ ಸಿಗುವುದು ಬೆಂಕಿ, ನೆರೆಯಂತಹ ಅವಘಡವೊಂದು ನಡೆದು, ಅದರ ಕಾರಣದಿಂದಲೇ 7 ದಿನದೊಳಗೆ ಕಳವಾದಾಗ ಮಾತ್ರ. ಆಗಲೂ ಮನೆಯ ಹೊರಗಿಟ್ಟ ವಸ್ತುವಿಗೆ ಇಲ್ಲ.

ಬೆಳಗಾವಿಯಿಂದ: ನಮ್ಮ ಗೇಟನ್ನೇ ರಾತ್ರೋರಾತ್ರಿ ಕಿತ್ತುಕೊಂಡು ಹೋದರು. ಪೊಲೀಸ್ ದೂರಿನ ಪ್ರತಿ ಕೊಟ್ಟರೂ ಕಂಪನಿಯವರು ಒಪ್ಪಲಿಲ್ಲ, ಕಾರಣ ಈಗ ತಿಳಿಯಿತು. ಆದರೆ ಅದಕ್ಕೂ ಹಿಂದಿನ ವರ್ಷ ಮರಳಿನ ಲಾರಿ ಹಿಂದಕ್ಕೆ ಬರುತ್ತ ಅದೇ ಗೇಟಿನ ಕಂಬಕ್ಕೆ ಗುದ್ದಿದ್ದಾಗ ಹಣ ಬಂದಿತ್ತು.

ತುಮಕೂರಿನಿಂದ (ನಿವೃತ್ತ ವಿಮಾ ಸರ್ವೇಯರ್): ವಾಹನ ಗುದ್ದುವುದು, ಮರ ಉರುಳುವುದು ಪಾಲಿಸಿಯಲ್ಲಿ ಹೆಸರಿಸಿದ ಅವಘಡಗಳೇ. ಪಕ್ಕದವರ ತೆಂಗಿನಮರ ನಿಮ್ಮ ಗೋಡೆಯ ಮೇಲೆ ಬಿದ್ದರೆ ಗೋಡೆಗೆ ಪರಿಹಾರವುಂಟು. ನಿಮ್ಮ ಗೋಡೆ ಪಕ್ಕದವರ ಕಾರಿನ ಮೇಲೆ ಬಿದ್ದರೆ ಕಾರಿನ ನಷ್ಟ ಇದರಲ್ಲಿ ಬರುವುದಿಲ್ಲ, ಅದಕ್ಕೆ ಹೊಣೆಗಾರಿಕೆಯ ವಿಮೆ ಬೇರೆ ಬೇಕು.

ಪ್ರಶ್ನೆ ಕೇಳಿದವರು (ಮೈಸೂರು): ಎಲ್ಲರಿಗೂ ಧನ್ಯವಾದಗಳು. ಶೆಡ್ಯೂಲ್ ತೆಗೆದು ನೋಡಿದೆ. ಹೆಚ್ಚುವರಿ ರಚನೆಗಳ ಎದುರು ಸೊನ್ನೆ ಇದೆ. ಮೇಸ್ತ್ರಿಯಿಂದ ಗೋಡೆಯ ಅಳತೆ, ದರ ಬರೆಸಿಕೊಂಡು ಇಂದು ಕಂಪನಿಗೆ ಮಿಂಚಂಚೆ ಕಳುಹಿಸಿದ್ದೇನೆ. ಬೋರ್‌ವೆಲ್ ಹೆಸರನ್ನೂ ಮೊತ್ತದೊಂದಿಗೆ ಶೆಡ್ಯೂಲಿನಲ್ಲಿ ಬರೆಯುವಿರಾ ಎಂದು ಅದರಲ್ಲೇ ಕೇಳಿದ್ದೇನೆ. ದೂರವಾಣಿಯಲ್ಲಿ ಒಬ್ಬರು ಆಗುತ್ತದೆ ಎಂದರು, ಮಧ್ಯಾಹ್ನ ಮಾತನಾಡಿದ ಇನ್ನೊಬ್ಬರು ಆಗುವುದಿಲ್ಲ ಎಂದರು.

ತುಮಕೂರಿನಿಂದ (ನಿವೃತ್ತ ವಿಮಾ ಸರ್ವೇಯರ್): ಇಬ್ಬರ ಮಾತನ್ನೂ ಬಿಡಿ, ಬರಹದಲ್ಲಿ ಬಂದ ಉತ್ತರವನ್ನು ಇಲ್ಲಿ ತಿಳಿಸಿ. ಕೆಲವು ಕಂಪನಿಗಳು ಒಪ್ಪಿದ್ದನ್ನೂ ಕೆಲವು ಒಪ್ಪದಿದ್ದನ್ನೂ ನಾನು ಕಂಡಿದ್ದೇನೆ.