‘ಕ್ಯಾರೆಕ್ಟರ್’ ಅಂದರೆ ಅಕ್ಷರವೇ? (ಸಬ್‌ಟೈಟಲ್ ಸಾಲಿನ ಮಿತಿ)

ಪ್ರಶ್ನೆ: ಉದ್ದದ ಸಂದರ್ಶನವೊಂದರ ಬರಹವನ್ನು ಎರಡೆರಡು ಸಾಲಿನ ಸಬ್‌ಟೈಟಲ್‌ಗಳಾಗಿ ಒಡೆಯಬೇಕಿದೆ. ಸೂಚನೆಯಲ್ಲಿ ‘ಸಾಲಿಗೆ 42 ಕ್ಯಾರೆಕ್ಟರ್’ ಎಂದಿದೆ. ಕನ್ನಡ ಕೈಪಿಡಿಯಲ್ಲಿ ಇದನ್ನು ‘42 ಅಕ್ಷರ’ ಎಂದು ಬರೆಯಬಹುದೇ? ‘ಲೈನ್ ಬ್ರೇಕ್’ಗೆ ಏನೆನ್ನೋಣ?

ಉತ್ತರ 1: ಧಾರಾಳವಾಗಿ ಬರೆಯಿರಿ. ಓದುವವರ ಕಣ್ಣಿಗೆ ಕಾಣುವುದು ಅಕ್ಷರವೇ. ಒತ್ತಕ್ಷರ ಕೆಳಗೆ ಕೂರುತ್ತದೆ, ಅಗಲ ಅಷ್ಟೇನೂ ಹೆಚ್ಚುವುದಿಲ್ಲ.

ಉತ್ತರ 2: ಅಗಲದ ಮಾತು ಸರಿ, ಆದರೆ ಸಾಫ್ಟ್‌ವೇರ್ ಸಾಮಾನ್ಯವಾಗಿ ಹಾಗೆ ಎಣಿಸುವುದಿಲ್ಲ. ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರ ಕಟ್ಟುವ ವಿರಾಮ ಚಿಹ್ನೆ ‘್’ ಒಂದೊಂದನ್ನೂ ಬೇರೆಯಾಗಿ ಲೆಕ್ಕಕ್ಕೆ ಹಿಡಿಯುತ್ತದೆ. ಪೈಥಾನಿನಲ್ಲಿ ನೋಡಿ:

```
len("ಸ್ತ್ರೀ")   # 6
```

ನಮಗೆ ಅದು ಒಂದೇ ಅಕ್ಷರ. ಈಗ ಈ ವಾಕ್ಯ:

ನಿನ್ನೆ ಬಂದ ಹುಡುಗ ಪುಸ್ತಕವನ್ನು ಮೇಜಿನ ಮೇಲೆ ಇಟ್ಟು ಯಾರಿಗೂ ಹೇಳದೆ ಹೊರಟು ಹೋದ.

ಅಕ್ಷರ, ತೆರಪು, ಚುಕ್ಕಿ ಸೇರಿ 41. ನಿಮ್ಮ ‘42 ಅಕ್ಷರ’ದ ನಿಯಮದಂತೆ ಒಂದೇ ಸಾಲು. ಸಾಫ್ಟ್‌ವೇರ್ ಎಣಿಕೆಯಲ್ಲಿ 69, ಅಂದರೆ ಎರಡು ಸಾಲು ಬೇಕೇ ಬೇಕು. ಹಾಗಾಗಿ ‘ಅಕ್ಷರ’ ಎಂದು ಬರೆದರೆ ಕೆಲಸಗಾರರು ತುಂಬಿದ ಸಾಲೆಲ್ಲ ಕೆಂಪಾಗಿ ವಾಪಸು ಬರುತ್ತದೆ.

ಇನ್ನು ಎಲ್ಲಿ ಒಡೆಯುವುದು? ಹಿಡಿಸಿದಷ್ಟು ತುಂಬುತ್ತ ಹೋದರೆ ಮೊದಲ ಸಾಲು ‘ಮೇಲೆ’ಗೆ ನಿಲ್ಲುತ್ತದೆ (39), ‘ಇಟ್ಟು’ ಕೆಳಗೆ ಬೀಳುತ್ತದೆ. ಓದುಗ ಮೇಜಿನ ಮೇಲೆ ಏನಾಯಿತೆಂದು ತಿಳಿಯಲು ಕೆಳಗಿಳಿಯಬೇಕು. ‘ಇಟ್ಟು’ ಮೇಲೇ ಇರಬೇಕು, ಆದರೆ ಆಗ 45. ನಿರ್ಜೀವ ವಸ್ತುವಿಗೆ ‘ಅನ್ನು’ ಬಿಡುವುದು ಆಡುಮಾತಿನಲ್ಲಿ ಸಹಜ. ಬಿಟ್ಟರೆ ಐದು ಉಳಿಯುತ್ತದೆ:

ನಿನ್ನೆ ಬಂದ ಹುಡುಗ ಪುಸ್ತಕ ಮೇಜಿನ ಮೇಲೆ ಇಟ್ಟು
ಯಾರಿಗೂ ಹೇಳದೆ ಹೊರಟು ಹೋದ.

ಮೇಲೆ 40, ಕೆಳಗೆ 23. ‘ಇಟ್ಟು’, ‘ಬಂದರೆ’, ‘ಹೋದಾಗ’ ಇಂಥ ರೂಪಗಳ ನಂತರ ಒಡೆದರೆ ಉಸಿರು ಅಲ್ಲೇ ನಿಲ್ಲುತ್ತದೆ. ‘ಬಂದ | ಹುಡುಗ’, ‘ಮೇಜಿನ | ಮೇಲೆ’, ‘ಹೊರಟು | ಹೋದ’ ಮಾತ್ರ ಬೇಡ. ‘ಬರುತ್ತೇನೆ | ಅಂತ’ ಎಂದೂ ಒಡೆಯಬೇಡಿ; ‘ಅಂತ’ದಿಂದ ಸಾಲು ಶುರುವಾದರೆ ಯಾರ ಮಾತು ಎಂಬುದೇ ತಪ್ಪುತ್ತದೆ.

ಉತ್ತರ 3: ಉದ್ದನೆಯ ಸಮಾಸಪದ ಸಾಲಿನ ಕೊನೆಗೆ ಬಂದರೆ ಅಡ್ಡಗೆರೆ ಹಾಕಿ ಒಡೆಯುವ ಬಗ್ಗೆ ಕೇಳಿದ್ದಲ್ಲವೇ? ಪುಸ್ತಕ ಪುಟ ಕಟ್ಟುವಾಗ ನಾವು ಅದನ್ನು ‘ಪದ ಮುರಿಯುವುದು’ ಅನ್ನುತ್ತೇವೆ.

ಉತ್ತರ 2: ಅದು ಬೇರೆ. ಸಬ್‌ಟೈಟಲಿನಲ್ಲಿ ಪದದ ನಡುವೆ ಒಡೆಯುವುದೇ ಇಲ್ಲ, ತೆರಪಿನಲ್ಲಿ ಮಾತ್ರ. ಅದಕ್ಕೇ ‘ಮುರಿ’ ನನಗೆ ಒಗ್ಗದು, ‘ಸಾಲೊಡೆ’ ಸಾಕು.

ಪ್ರಶ್ನಿಸಿದವರು: ಎಣಿಸಿ ನೋಡಿದೆ, ಒಂದು ಸಾಲಿನಲ್ಲಿ ಎಣಿಕೆ ಕಡಿಮೆ ಕಂಡರೂ ಸಾಫ್ಟ್‌ವೇರ್ ಮಿತಿ ಮೀರಿದೆ ಅನ್ನುತ್ತಿದೆ.

ಉತ್ತರ 2: ಕಡತದಲ್ಲಿ ‘ೋ’ ಮೂರು ತುಂಡಾಗಿ ಕೂತಿರಬಹುದು, ‘ೀ’ ಎರಡಾಗಿ. ಎಣಿಸುವ ಮುಂಚೆ ಕೂಡಿಸಿ:

```
import unicodedata
s = unicodedata.normalize("NFC", s)
```

ಆಮೇಲೂ ಹೆಚ್ಚಿದ್ದರೆ, ‘ಸಬ್‌ಟೈಟಲ್’ನಂಥ ಪದಗಳೊಳಗೆ ಕಾಣದೆ ಕೂತು ಅಕ್ಷರ ಕೂಡದಂತೆ ತಡೆಯುವ ಚಿಹ್ನೆಗಳೂ ಒಂದೊಂದು ಲೆಕ್ಕ.

ಉತ್ತರ 1: ಸರಿ, ‘ಅಕ್ಷರ’ ಬೇಡ. ಹಾಗೆಂದು ‘ಸಂಕೇತ’ ಎಂದರೆ ಯಾರಿಗೆ ತಿಳಿಯುತ್ತದೆ? ‘42 ಕ್ಯಾರೆಕ್ಟರ್’ ಎಂದೇ ಉಳಿಸಿ, ಪಕ್ಕದಲ್ಲಿ ‘ಸ್ತ್ರೀ = 6’ ಎಂದು ಬರೆದುಬಿಡಿ.