ಮೇನ್ ಇಳಿಸಿದ್ರೂ ದಿನಕ್ಕೆ 9 ಯೂನಿಟ್: ಟ್ರಾನ್ಸ್‌ಫಾರ್ಮರ್ ಲಾಸ್ ಬಗ್ಗೆ ಪ್ರಶ್ನೋತ್ತರ

ಪೊನ್ನಮ್ಮ, ಸಿದ್ದಾಪುರ: ನಮ್ಮ ತೋಟದ್ದು 100 ಕೆವಿಎ, 11 ಕೆವಿ ಟಿಸಿ. ಮೀಟರ್ ಎಚ್‌ಟಿ ಕಡೆ, ಅಂದ್ರೆ 11 ಕೆವಿ ಕಡೆ ಇದೆ. ಒಮ್ಮೆ ರಿವೈಂಡಿಂಗ್ ಆಗಿದೆ. ಟೆಸ್ಟ್ ಶೀಟಲ್ಲಿ ಕೋರ್ ಲಾಸ್ 260 ವ್ಯಾಟ್, ಫುಲ್ ಲೋಡ್ ಕಾಪರ್ ಲಾಸ್ 1760 ವ್ಯಾಟ್ ಅಂತ ಬರೆದಿದ್ದಾರೆ. ಮೂರು ದಿನ ಎಲ್‌ಟಿ ಮೇನ್ ಪೂರ್ತಿ ಇಳಿಸಿ ಇಟ್ಟೆವು, ಆದರೂ 27 ಯೂನಿಟ್ ಓಡಿದೆ. ಹುತ್ತರಿ ಕಳೆದ ಮೇಲೆ ಕಾಫಿ ಪಲ್ಪರ್ ಶುರುವಾದರೆ ಸುಮಾರು 75 ದಿನ, ದಿನಕ್ಕೆ 6 ಗಂಟೆ 80 ಕೆವಿಎ ಲೋಡ್. ಉಳಿದ ಹೊತ್ತಲ್ಲಿ 5 ಕೆವಿಎ ಅಷ್ಟೇ. ಎಫಿಶಿಯನ್ಸಿ ಯಾವ ಲೋಡಿಗೆ ಹೆಚ್ಚು? ನಮ್ಮ ಟಿಸಿ ಸರಿಯಾಗಿದೆಯಾ?

ರಫೀಕ್, ಕುಶಾಲನಗರ: ಕೋರ್ ಲಾಸ್ ಕಾಪರ್ ಲಾಸ್ ಸಮ ಆದಾಗ ಮ್ಯಾಕ್ಸಿಮಮ್ ಅಕ್ಕಾ. 260 ನ್ನು 1760 ರಿಂದ ಭಾಗಿಸಿ, 0.148 ಬರುತ್ತೆ. ಅಂದ್ರೆ 15 ಕೆವಿಎ ಹತ್ತಿರ.

ಸೋಮಯ್ಯ, ಟಿಸಿ ಟೆಸ್ಟಿಂಗ್: ರಫೀಕ್, ನಿಯಮ ಸರಿ, ವರ್ಗಮೂಲ ಬಿಟ್ಟಿದ್ದೀರಿ. 15 ಕೆವಿಎಯಲ್ಲಿ ಕಾಪರ್ ಲಾಸ್ 40 ವ್ಯಾಟೂ ಇರಲ್ಲ, 260ಕ್ಕೆ ಸಮ ಹೇಗಾಗುತ್ತೆ? ಕೋರ್ ಲಾಸ್ ಲೋಡ್ ಎಷ್ಟಿದ್ದರೂ ಹಾಗೇ ಇರುತ್ತೆ, ಕಾಪರ್ ಲಾಸ್ ಲೋಡಿನ ವರ್ಗದ ಲೆಕ್ಕದಲ್ಲಿ ಏರುತ್ತೆ, ಆದ್ದರಿಂದ:

```
x = √(260 / 1760) = 0.384
```

ಫುಲ್ ಲೋಡಿನ 0.384 ಭಾಗ, ಎಂದರೆ 38.4 ಕೆವಿಎ. ಅಲ್ಲಿ ಎರಡೂ ಲಾಸ್ 260, ಒಟ್ಟು 520 ವ್ಯಾಟ್. ಪವರ್ ಫ್ಯಾಕ್ಟರ್ 0.8 ಇಟ್ಟುಕೊಂಡರೆ ಹೊರಗೆ ಬರೋದು 30.7 ಕಿಲೋವ್ಯಾಟ್, ಎಫಿಶಿಯನ್ಸಿ 98.34 ಶೇಕಡ. ಫುಲ್ ಲೋಡಲ್ಲಿ ಅದೇ 97.54ಕ್ಕೆ ಇಳಿಯುತ್ತೆ.

ಪೊನ್ನಮ್ಮನವರೇ, ನನಗೆ ಚಿಂತೆ ಹಚ್ಚಿದ್ದು ನಿಮ್ಮ ಆ 27 ಯೂನಿಟ್. ಮೂರು ದಿನ ಅಂದರೆ 72 ಗಂಟೆ. 27 ಯೂನಿಟನ್ನು 72 ರಿಂದ ಭಾಗಿಸಿದರೆ 375 ವ್ಯಾಟ್. ಮೇನ್ ಇಳಿಸಿದ ಮೇಲೆ ಎಲ್‌ಟಿ ಕಡೆ ಕರೆಂಟ್ ಇಲ್ಲ, ಕಾಪರ್ ಲಾಸ್ ಇಲ್ಲವೆನ್ನುವಷ್ಟು ಕಮ್ಮಿ. ಹಾಗಾದರೆ ಆ 375 ಇಡೀ ಕೋರ್‌ದು. ಶೀಟಲ್ಲಿ ಇರೋದು 260.

ಇನ್ನೊಂದು ವಿಷಯ ಗಮನಿಸಿ. 375 ನಿಜವಾದರೆ ಮ್ಯಾಕ್ಸಿಮಮ್ ಎಫಿಶಿಯನ್ಸಿಯ ಲೋಡ್ 46 ಕೆವಿಎಗೆ ಏರುತ್ತೆ. "ಏರಿದೆ, ಒಳ್ಳೇದೇ" ಅಂದುಕೊಳ್ಳಬೇಡಿ. ಕೋರ್ ಹಾಳಾದಷ್ಟೂ ಆ ಬಿಂದು ಬಲಕ್ಕೆ ಸರಿಯುತ್ತೆ, ಆದರೆ ಅಲ್ಲಿನ ಎಫಿಶಿಯನ್ಸಿ 98.01ಕ್ಕೆ ಕುಸಿದಿರುತ್ತೆ. ಹಾಗಾಗಿ ಮ್ಯಾಕ್ಸಿಮಮ್ ಬರುವ ಲೋಡನ್ನು ನೋಡಿ ಟಿಸಿ ಒಳ್ಳೇದೋ ಕೆಟ್ಟದೋ ಹೇಳಕ್ಕಾಗಲ್ಲ.

ಸೀಸನ್ನಿನ 80 ಕೆವಿಎಯಲ್ಲಿ ನಿಮಗೆ ಈ ವ್ಯತ್ಯಾಸ ಕಾಣಿಸೋದೇ ಇಲ್ಲ: 260 ಇದ್ದಿದ್ದರೆ 97.88, ಈಗ 97.71. ಆದರೆ 5 ಕೆವಿಎಯಲ್ಲಿ 93.80 ಇರಬೇಕಾದ್ದು 91.34 ಆಗಿದೆ. ವರ್ಷದ 8760 ಗಂಟೆಯಲ್ಲಿ ನಿಮ್ಮ ಭಾರಿ ಲೋಡ್ ಬರೀ 450 ಗಂಟೆ. ಆ 450 ಗಂಟೆಯ ಕಾಪರ್ ಲಾಸ್ 507 ಯೂನಿಟ್, ಉಳಿದ ಹೊತ್ತಿನದು 37. ಕೋರ್ ಮಾತ್ರ ಹಗಲು ರಾತ್ರಿ ತಿಂದು 3285 ಯೂನಿಟ್. ವರ್ಷಕ್ಕೆ ನೀವು ಬಳಸೋದು ಸುಮಾರು 62,040 ಯೂನಿಟ್. ಇಡೀ ವರ್ಷದ ಎಫಿಶಿಯನ್ಸಿ 94.2 ಶೇಕಡ. ಕೋರ್ 260ರಲ್ಲೇ ಇದ್ದಿದ್ದರೆ 95.65. ಅಂತರ ವರ್ಷಕ್ಕೆ ಸುಮಾರು ಸಾವಿರ ಯೂನಿಟ್. ಮೀಟರ್ ಎಚ್‌ಟಿ ಕಡೆ ಇರೋದರಿಂದ ಅಷ್ಟೂ ನಿಮ್ಮ ಬಿಲ್ಲಿಗೇ ಬರುತ್ತೆ.

ದೀಕ್ಷಿತಾ, ಡಿಪ್ಲೊಮಾ: ಸಾರ್, ಹಾಫ್ ಲೋಡಲ್ಲಿ ಕಾಪರ್ ಲಾಸ್ ಅರ್ಧ ತಗೋಬೇಕಲ್ವಾ?

ಸೋಮಯ್ಯ: ಕಾಲು. 1760ರ ಕಾಲು 440. 260 ಸೇರಿಸಿದರೆ 700. 40,000 ನ್ನು 40,700 ರಿಂದ ಭಾಗಿಸಿ.

ಪೊನ್ನಮ್ಮ: ರಿವೈಂಡಿಂಗ್‌ನಿಂದ ಕೋರ್ ಲಾಸ್ ಯಾಕೆ ಹೆಚ್ಚಾಗಬೇಕು? ಅವರು ಮುಟ್ಟಿದ್ದು ವೈರ್ ಮಾತ್ರ ಅಲ್ವಾ?

ಸೋಮಯ್ಯ: ವೈರ್ ಹೊರಗೆ ತೆಗೆಯಬೇಕಾದರೆ ಕೋರ್‌ನ ಮೇಲಿನ ಅಡ್ಡಭಾಗವಾದ ಯೋಕ್‌ನ ತಗಡುಗಳನ್ನು ಒಂದೊಂದಾಗಿ ಬಿಚ್ಚಲೇಬೇಕು. ಮತ್ತೆ ಜೋಡಿಸುವಾಗ ಸುತ್ತಿಗೆಯಲ್ಲಿ ಬಡಿದರೆ ತಗಡು ಬಾಗುತ್ತೆ, ಅಂಚಲ್ಲಿ ಮುಳ್ಳು ಏಳುತ್ತೆ, ಮೇಲಿನ ಲೇಪ ಕೆರೆದುಹೋಗುತ್ತೆ. ಕೋರ್‌ನ ಸ್ಟೀಲು ಬಾಗುವುದನ್ನು ಸಹಿಸಲ್ಲ, ಬಾಗಿದ ಜಾಗದಲ್ಲಿ ಲಾಸ್ ಏರುತ್ತೆ. ಮೂಲೆಯಲ್ಲಿ ತಗಡು ಸರಿಯಾಗಿ ಕೂರದೆ ಸಂದು ಬಿಟ್ಟರೆ ನೋ-ಲೋಡ್ ಕರೆಂಟ್ ಏರುತ್ತೆ. ಕೊನೆಗೆ ನಾಲ್ಕು ತಗಡು ಉಳಿದುಹೋಯಿತು ಅಂತ ಹೊರಗೇ ಬಿಟ್ಟರೆ ಉಳಿದ ತಗಡುಗಳ ಮೇಲೆ ಫ್ಲಕ್ಸ್ ಒತ್ತಡ ಹೆಚ್ಚು. ಸುತ್ತು ಕಮ್ಮಿ ಹಾಕಿದರೂ ಅದೇ ಗತಿ. ಕೆಲಸ ಮುಗಿದ ಮೇಲೆ ಹೊಸದಾಗಿ ಅಳೆಯದೆ, ಹಳೇ ಶೀಟಿನ 260 ನ್ನೇ ನಕಲು ಮಾಡಿ ಕೊಡುವ ಅಭ್ಯಾಸವೂ ಇದೆ. ನಿಮ್ಮ ಶೀಟಲ್ಲಿ ದಿನಾಂಕ ಮತ್ತು ನೋ-ಲೋಡ್ ಕರೆಂಟ್ ಬರೆದಿದೆಯಾ ನೋಡಿ.

ರಿವೈಂಡಿಂಗ್ ಮಾಡಿದವರನ್ನು ದೂರುವ ಮೊದಲು ಎರಡು ಕಡೆ ಪರೀಕ್ಷಿಸಬೇಕು. ಒಂದು, ವೋಲ್ಟೇಜು. ಕೋರ್ ಲಾಸ್ ಹೆಚ್ಚುಕಮ್ಮಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತೆ. ಲೋಡ್ ಇಲ್ಲದ ರಾತ್ರಿ ಹೊತ್ತಲ್ಲಿ ಲೈನ್ ವೋಲ್ಟೇಜ್ ಹೆಚ್ಚಿರುತ್ತೆ. ಮೇನ್ ಇಳಿಸಿ, ಅದರ ಟಿಸಿ ಕಡೆಯ ಟರ್ಮಿನಲ್ಲಲ್ಲಿ ರಾತ್ರಿ ಎರಡು ಗಂಟೆಗೆ ಫೇಸ್-ಫೇಸ್ ಎಷ್ಟಿದೆ ನೋಡಿಸಿ. ಇರಬೇಕಾದ್ದು 433. ಎರಡು, ಮೀಟರ್. ನೋ-ಲೋಡಲ್ಲಿ 11 ಕೆವಿ ಕಡೆ ಕರೆಂಟ್ ಬಹಳ ಸಣ್ಣದು, ಪವರ್ ಫ್ಯಾಕ್ಟರೂ ಕೆಟ್ಟದ್ದು. ಅಲ್ಲಿ ಮೀಟರಿಗೆ ಕರೆಂಟ್ ಅಳೆದು ಕೊಡುವ ಸಿಟಿಯ ದೋಷ ದೊಡ್ಡದಾಗಿ ಕಾಣಿಸುತ್ತೆ. ಮೂರು ದಿನದ ಬದಲು ಹತ್ತು ದಿನ ಓಡಿಸಿದರೆ ಓದುವುದರ ತಪ್ಪು ಕಮ್ಮಿಯಾಗುತ್ತೆ, ಸಿಟಿಯ ದೋಷ ಮಾತ್ರ ಹಾಗೇ ಉಳಿಯುತ್ತೆ.

ಚಂಗಪ್ಪ, ಗೋಣಿಕೊಪ್ಪ: ಇಷ್ಟೆಲ್ಲ ಯಾಕೆ? ಫಾರ್ವರ್ಡ್ ಬಂದಿದೆ ನೋಡಿ. ಟಿಸಿ ಪಕ್ಕ ಕೆಪಾಸಿಟರ್ ಪೆಟ್ಟಿಗೆ ಹಾಕಿ ವರ್ಷವಿಡೀ ಆನ್ ಇಟ್ಟರೆ ಟಿಸಿ ಲಾಸ್ 40 ಶೇಕಡ ಇಳಿಯುತ್ತಂತೆ. ಎಲ್ಲರೂ ಹಂಚಿಕೊಳ್ಳಿ.

ಸೋಮಯ್ಯ: ಯಾರೂ ಹಂಚಬೇಡಿ. ಕೆಪಾಸಿಟರ್ ಕೋರ್ ಲಾಸನ್ನು ಒಂದು ವ್ಯಾಟೂ ಇಳಿಸಲ್ಲ. ಪಲ್ಪರ್ ಓಡುವಾಗ 64 ಕಿಲೋವ್ಯಾಟಿಗೆ 0.8 ಇರುವ ಪವರ್ ಫ್ಯಾಕ್ಟರನ್ನು 27 ಕೆವಿಎಆರ್ ಹಾಕಿ 0.95ಕ್ಕೆ ತಂದರೆ ಲೋಡ್ 80ರಿಂದ 67 ಕೆವಿಎಗೆ ಇಳಿಯುತ್ತೆ, ಕಾಪರ್ ಲಾಸ್ 1126ರಿಂದ ಸುಮಾರು 800 ವ್ಯಾಟಿಗೆ ಬರುತ್ತೆ. ಆ 450 ಗಂಟೆಯಲ್ಲಿ ಅದು ನಿಜವಾದ ಲಾಭ. ಆದರೆ ಅದೇ 27 ಕೆವಿಎಆರ್‌ನ್ನು ಕಕ್ಕಡದ ಮಳೆಗಾಲದಲ್ಲೂ ಆನ್ ಬಿಟ್ಟರೆ? ಲೋಡ್ 4 ಕಿಲೋವ್ಯಾಟ್, ಬೇಕಾದ್ದು 3 ಕೆವಿಎಆರ್. ಮಿಕ್ಕ 24 ವಾಪಸ್ ಟಿಸಿ ಮೂಲಕವೇ ಹರಿಯುತ್ತೆ. 5 ಕೆವಿಎ ಇದ್ದ ಟಿಸಿ ಮೇಲೆ 24 ಕೆವಿಎ ಕೂತಿತು. ಕಾಪರ್ ಲಾಸ್ 4 ವ್ಯಾಟಿನಿಂದ 104 ವ್ಯಾಟಿಗೆ. ಮೇಲಿಂದ ವೋಲ್ಟೇಜ್ ಏರಿ ಕೋರ್ ಲಾಸೂ ಹೆಚ್ಚುತ್ತೆ. ಕೆಪಾಸಿಟರ್ ಮೋಟರ್ ಜೊತೆಗೇ ಆನ್ ಆಗಬೇಕು, ಜೊತೆಗೇ ಆಫ್ ಆಗಬೇಕು.

ಚಂಗಪ್ಪ: ಒಳ್ಳೇದಾಗಲಿ ಅಂತ ಹಾಕಿದ್ದು. ಮಳೆಗಾಲದಲ್ಲಿ ಕಂಬದ ಜಿಒಎಸ್ ಸ್ವಿಚ್ ಎಳೆದು ಟಿಸಿಯನ್ನೇ ಆಫ್ ಮಾಡಿದರೆ ಕೋರ್ ಲಾಸೂ ಸೊನ್ನೆ. ಇದಕ್ಕೇನು ಹೇಳ್ತೀರಿ?

ಸೋಮಯ್ಯ: ಲೆಕ್ಕದಲ್ಲಿ ಸರಿ, ನಮ್ಮ ಹವೆಯಲ್ಲಿ ತಪ್ಪು. ಬೆಚ್ಚಗಿದ್ದ ಎಣ್ಣೆ ತಣಿದರೆ ಟ್ಯಾಂಕ್ ಹೊರಗಿನ ಗಾಳಿ ಎಳೆಯುತ್ತೆ. ಬ್ರೀದರಿನ ಸಿಲಿಕಾ ಜೆಲ್ ತೇವ ಹೀರಿ ಗುಲಾಬಿಯಾಗಿದ್ದರೆ ಆ ಗಾಳಿಯ ತೇವ ನೇರ ಎಣ್ಣೆಗೆ, ಅಲ್ಲಿಂದ ಕಾಗದಕ್ಕೆ. ಮೂರು ತಿಂಗಳು ಹಾಗೇ ನಿಲ್ಲಿಸಿ, ಹುತ್ತರಿಗೆ ನೇರ ಚಾರ್ಜ್ ಮಾಡಿದರೆ ಸುರುಳಿ ಸಿಡಿಯಬಹುದು. ಆಫ್ ಮಾಡಲೇಬೇಕಾದರೆ ಮತ್ತೆ ಹಾಕುವ ಮೊದಲು ಮೆಗ್ಗರಲ್ಲಿ ಇನ್ಸುಲೇಶನ್, ಮತ್ತು ಎಣ್ಣೆ ಎಷ್ಟು ವೋಲ್ಟೇಜ್ ತಡೆಯುತ್ತೆ ಅನ್ನುವ ಬಿಡಿವಿ ನೋಡಲೇಬೇಕು. ಬಿಡಿವಿ 30 ಕೆವಿಗಿಂತ ಕಮ್ಮಿ ಬಂದರೆ ಫಿಲ್ಟರ್ ಮಾಡದೆ ಚಾರ್ಜ್ ಬೇಡ. ಜಿಒಎಸ್ ಹಿಡಿಕೆಗೆ ತೋಟದವರು ಕೈ ಹಾಕಬೇಡಿ, ಲೈನ್‌ಮನ್ ಕರೆಸಿ.

ಚಂಗಪ್ಪ: ಪ್ರತಿ ವರ್ಷ ಜೆಲ್ ಬದಲಿಸಿ, ಎಣ್ಣೆ ಪರೀಕ್ಷೆ ಮಾಡಿಸಿ ಆಫ್ ಇಡೋರು ನಮ್ಮ ಕಡೆ ಇದ್ದಾರೆ. ಒಂದೂ ಸುಟ್ಟಿಲ್ಲ.

ಸೋಮಯ್ಯ: ಪರೀಕ್ಷೆ ಮಾಡಿಸಿದ್ದಕ್ಕೇ ಸುಟ್ಟಿಲ್ಲ. ನಿಮ್ಮ ಫಾರ್ವರ್ಡಲ್ಲಿ ಆ ಭಾಗ ಇರಲ್ಲ.

ಲೋಕೇಶ್, ಸುಂಟಿಕೊಪ್ಪ: ನಮ್ಮ 63 ಕೆವಿಎ ರಾತ್ರಿ ಹೊತ್ತು ಜೋರಾಗಿ ಗುಂಯ್ ಅನ್ನುತ್ತೆ. ಕೋರ್ ಲಾಸಿಗೂ ಇದಕ್ಕೂ ಸಂಬಂಧ ಇದೆಯಾ ಸಾರ್?

ರಫೀಕ್: ಸೋಮಯ್ಯಣ್ಣ, ಹಾಗಾದರೆ ಸೀಸನ್ ಲೋಡಿಗೆ ಮ್ಯಾಕ್ಸಿಮಮ್ ಬರುವ ಹಾಗೆ, ಫುಲ್ ಲೋಡಲ್ಲೇ ಎರಡೂ ಲಾಸ್ ಸಮ ಇರೋ ಟಿಸಿ ಮಾಡಿಸಿದರೆ ಪೊನ್ನಮ್ಮಕ್ಕನಿಗೆ ಲಾಭ ಅಲ್ವಾ?

ಸೋಮಯ್ಯ: ಒಟ್ಟು ಲಾಸ್ 2020 ಇಟ್ಟು ಸಮ ಹಂಚಿ. ಕೋರ್ 1010 ವ್ಯಾಟ್. 8760 ಗಂಟೆಗೆ ಗುಣಿಸಿ. ವರ್ಷಕ್ಕೆ 8848 ಯೂನಿಟ್ ಬರೀ ಕೋರಿಗೆ! ದಿನವಿಡೀ ತುಂಬು ಲೋಡಲ್ಲಿ ನಿಲ್ಲುವ ಟಿಸಿಯ ಲೆಕ್ಕ ಅದು, ಪಲ್ಪರ್ ತೋಟದ್ದಲ್ಲ. ಇವರಿಗೆ ಬೇಕಾದ್ದು ಕೋರ್ ಲಾಸ್ ಕಮ್ಮಿ ಇರುವುದು, ಮ್ಯಾಕ್ಸಿಮಮ್ 30 ಕೆವಿಎ ಹತ್ತಿರ ಬಿದ್ದರೂ ಚಿಂತೆಯಿಲ್ಲ.

ರಫೀಕ್: ಸೀಸನ್ನಲ್ಲಿ ಕಾಪರ್ ಲಾಸಿಂದ ಎಣ್ಣೆ ಕಾಯುತ್ತಲ್ಲ, ಅದನ್ನ ಲೆಕ್ಕಕ್ಕೇ ತಗೊಳ್ತಿಲ್ಲ ನೀವು.

ಸೋಮಯ್ಯ: 80 ಕೆವಿಎಯಲ್ಲಿ 6 ಗಂಟೆ. 100 ಕೆವಿಎ ಟಿಸಿ ಅದಕ್ಕೇ ಇರೋದು. ಕಾಯುವುದು ಬೇರೆ ಪ್ರಶ್ನೆ, ಕಲಸಬೇಡಿ.

ದೀಕ್ಷಿತಾ: ಪವರ್ ಫ್ಯಾಕ್ಟರ್ 1 ಆದರೆ 38.4 ಬದಲಾಗುತ್ತಾ ಸಾರ್?

ಸೋಮಯ್ಯ: ಇಲ್ಲ. ಎಫಿಶಿಯನ್ಸಿ ಮಾತ್ರ ಏರುತ್ತೆ.

ದೀಕ್ಷಿತಾ: ಕ್ವಾರ್ಟರ್ ಲೋಡಿಗೆ ಕಾಪರ್ ಲಾಸ್?

ಸೋಮಯ್ಯ: ಮೇಲೆ ಓದಿ. ವರ್ಗ.

ಪೊನ್ನಮ್ಮ: ರಾತ್ರಿ ಎರಡಕ್ಕೆ ನೋಡಿಸಿದೆ ಸೋಮಯ್ಯನವರೇ. 458 ವೋಲ್ಟ್. ಶೀಟಲ್ಲಿ ನೋ-ಲೋಡ್ ಕರೆಂಟ್ ಜಾಗ ಖಾಲಿ.

ಸೋಮಯ್ಯ: 458 ನ್ನು 433 ರಿಂದ ಭಾಗಿಸಿ ವರ್ಗ ಮಾಡಿದರೆ 1.12. ಆ ಲೆಕ್ಕಕ್ಕೆ 260 ಇದ್ದದ್ದು 291 ಆಗುತ್ತೆ. ಕೋರ್ ಸ್ಯಾಚುರೇಟ್ ಆಗುವ ಹತ್ತಿರ ಇದ್ದರೆ ಇನ್ನೂ ಹೆಚ್ಚು. ಆದರೂ 375 ಪೂರ್ತಿ ವೋಲ್ಟೇಜಿಂದಲೇ ಬಂತು ಅಂತ ನಾನು ಒಪ್ಪಲ್ಲ. ಟ್ಯಾಪ್ ಸ್ವಿಚ್ ಇದ್ದರೆ ಸಪ್ಲೈ ಪೂರ್ತಿ ಕಡಿದು, ಅರ್ಥ್ ಮಾಡಿ, ಎಲ್‌ಟಿ ವೋಲ್ಟೇಜ್ ಇಳಿಯುವ ಕಡೆಗೆ ಒಂದು ಹಂತ ತಿರುಗಿಸಿ, ಮತ್ತೆ ಹತ್ತು ದಿನ ಮೀಟರ್ ಓಡಿಸಿ. ಆಗಲೂ 300 ವ್ಯಾಟ್ ದಾಟಿದರೆ ವರ್ಕ್‌ಶಾಪಲ್ಲಿ ಲೋಡ್ ಇಲ್ಲದೆ ಕೋರ್ ಲಾಸ್ ಅಳೆಯುವ ಓಪನ್ ಸರ್ಕ್ಯೂಟ್ ಟೆಸ್ಟ್.

ರಫೀಕ್: ಓಪನ್ ಸರ್ಕ್ಯೂಟ್ ತಾನೇ, ತೋಟದಲ್ಲೇ ಜನರೇಟರಿಂದ ಎಲ್‌ಟಿಗೆ ಕೊಟ್ಟು ವ್ಯಾಟ್ ಮೀಟರ್ ನೋಡಿದರಾಯ್ತು.

ಸೋಮಯ್ಯ: ರಫೀಕ್, ಇದನ್ನು ಅಳಿಸಿ. ಎಲ್‌ಟಿಗೆ 433 ಕೊಟ್ಟರೆ ಮೇಲಿನ ಬುಶಿಂಗಲ್ಲಿ 11,000 ವೋಲ್ಟ್ ನಿಲ್ಲುತ್ತೆ. ಜಿಒಎಸ್ ಆನ್ ಇದ್ದರೆ ಆಫ್ ಮಾಡಿದ ಲೈನಿಗೇ ವಾಪಸ್ ಹೋಗುತ್ತೆ. ಕಂಬದ ಮೇಲೆ ಕೆಲಸ ಮಾಡುವವನು ಸಾಯ್ತಾನೆ.

ರಫೀಕ್: ಜಿಒಎಸ್ ತೆಗೆದೇ ಮಾಡೋದು, ಅಷ್ಟು ಗೊತ್ತಿಲ್ವಾ ನಮಗೆ?

ಸೋಮಯ್ಯ: ನೀವು ಬರೆದದ್ದರಲ್ಲಿ ಅದು ಇಲ್ಲ. ಓದುವವರು ಬರೆದಷ್ಟೇ ಮಾಡ್ತಾರೆ.

ಪೊನ್ನಮ್ಮ: ಟ್ಯಾಪ್ ಸ್ವಿಚ್ ಇದೆಯೋ ಇಲ್ಲವೋ ನೋಡಿಸ್ತೀನಿ. ಹತ್ತು ದಿನದ ಓದು ಬಂದ ಮೇಲೆ ಇಲ್ಲೇ ಹಾಕ್ತೀನಿ.

ಲೋಕೇಶ್: ಸಾರ್, ಗುಂಯ್ ಶಬ್ದದ್ದು?