ನೆನಪಿನ ಮೇಲ್‌ನಲ್ಲಿ ಬೋಲ್ಡ್, ಕ್ಯಾಪಿಟಲ್, ಆಶ್ಚರ್ಯಸೂಚಕ, ಇಮೋಜಿ: ಯಾವುದು ಎಲ್ಲಿ?

ಪ್ರಶ್ನೆ (ಕಚೇರಿಯಲ್ಲಿ ಟೈಮ್‌ಶೀಟ್ ಜವಾಬ್ದಾರಿ ಇರುವವರು):
ಪ್ರತಿ ತಿಂಗಳೂ ಎಲ್ಲರಿಂದ ಟೈಮ್‌ಶೀಟ್ ತರಿಸಿಕೊಳ್ಳುವುದು ನನ್ನ ಕೆಲಸ. ಸುಮ್ನೆ ಸಾದಾ ಮೇಲ್ ಕಳಿಸಿದರೆ ಯಾರೂ ನೋಡುವುದಿಲ್ಲ. ಅದಕ್ಕೆ ಈ ಸಲ ಹೀಗೆ ಕಳಿಸಿದೆ:

```
Subject: URGENT!!! TIMESHEET NOT SUBMITTED
```

ಒಳಗೆ ಬರೆದದ್ದರ ಸಾರ ಇಷ್ಟು: "ಎಲ್ಲರೂ ಗಮನಿಸಿ!!! ಕೆಲವರು ಇನ್ನೂ ಸಲ್ಲಿಸಿಲ್ಲ. ದಯವಿಟ್ಟು ತಕ್ಷಣ ಸಲ್ಲಿಸಿ. ಗುರುವಾರ ಕೊನೆ. 🙂" "ಕೆಲವರು ಇನ್ನೂ ಸಲ್ಲಿಸಿಲ್ಲ", "ತಕ್ಷಣ", "ಗುರುವಾರ ಕೊನೆ" ಈ ಮೂರನ್ನು ಬೋಲ್ಡ್ ಮಾಡಿ, ಕೊನೆಯ ದಿನವನ್ನು ಕೆಂಪು ಬಣ್ಣದಲ್ಲಿ ಹಾಕಿದ್ದೆ. ಒಬ್ಬ ಹಿರಿಯರು "ಯಾಕೆ ಕೂಗುತ್ತೀರಿ?" ಎಂದು ಉತ್ತರಿಸಿದರು. ಕೊಡಬೇಕಾದವರು ಇನ್ನೂ ಕೊಟ್ಟಿಲ್ಲ. ಗಮನವೂ ಸೆಳೆಯಬೇಕು, ಬೇಸರವೂ ಆಗಬಾರದು. ಹೇಗೆ ಬರೆಯಲಿ?

ಕಚೇರಿ ಬರವಣಿಗೆಯ ತರಬೇತಿ ಕೊಡುವವರು:
ಮೇಡಂ, ಈ ನಾಲ್ಕೂ ಬೇರೆ ಬೇರೆ ಕೆಲಸಕ್ಕೆ ಇರುವಂಥವು. ಬೋಲ್ಡ್ ಕಣ್ಣಿಗೆ ದಾರಿ ತೋರಿಸುತ್ತದೆ. ಆಶ್ಚರ್ಯಸೂಚಕ ಭಾವನೆಯನ್ನು ಏರಿಸುತ್ತದೆ. ಇಂಗ್ಲಿಷ್‌ನಲ್ಲಿ ಇಡೀ ಸಾಲು ಕ್ಯಾಪಿಟಲ್ ಆದರೆ ದನಿ ಏರುತ್ತದೆ. ಇಮೋಜಿ ಮುಖಭಾವ ತರುತ್ತದೆ. ನಿಮ್ಮ ಮೇಲ್‌ನಲ್ಲಿ ನಾಲ್ಕನ್ನೂ ಗಮನ ಸೆಳೆಯುವ ಒಂದೇ ಕೆಲಸಕ್ಕೆ ಹಚ್ಚಿದ್ದೀರಿ. ಮೇಲೆ ಗದರಿಕೆ, ಕೆಳಗೆ ನಗು. ಓದುವವರಿಗೆ ಯಾವುದನ್ನು ನಂಬಬೇಕೋ ಗೊತ್ತಾಗುವುದಿಲ್ಲ. ಗೊತ್ತಾಗದಾಗ ಜನ ಗದರಿಕೆಯನ್ನೇ ನಂಬುತ್ತಾರೆ.

ಮೊದಲು ಬೋಲ್ಡ್ ನೋಡೋಣ, ಏಕೆಂದರೆ ನಿಮ್ಮ ಮೇಲ್ ಹೆಚ್ಚು ಕೆಟ್ಟಿರುವುದು ಅಲ್ಲೇ. ನೀವು ದಪ್ಪ ಮಾಡಿದ ಮೂರು ತುಣುಕುಗಳನ್ನಷ್ಟೇ ಓದಿ: "ಕೆಲವರು ಇನ್ನೂ ಸಲ್ಲಿಸಿಲ್ಲ. ತಕ್ಷಣ. ಗುರುವಾರ ಕೊನೆ." ಮೊದಲ ಎರಡು ಜನರ ಮೇಲೆ ಬಿದ್ದಿವೆ. ಮೂರನೆಯದು ಮಾತ್ರ ಕೆಲಸದ ಮೇಲೆ. ನನ್ನ ಅನುಭವದಲ್ಲಿ ಬೋಲ್ಡ್ ಒರಟಾಗಿ ಕೇಳಿಸುವುದು ಅದು ದಪ್ಪ ಎಂಬ ಕಾರಣಕ್ಕಲ್ಲ, ಯಾವ ಪದದ ಮೇಲೆ ಕೂತಿದೆ ಎಂಬ ಕಾರಣಕ್ಕೆ. ದಿನ, ಗಂಟೆ, ಮೊತ್ತ, ಫೈಲ್ ಹೆಸರು ಬೋಲ್ಡ್ ಆದರೆ ಯಾರಿಗೂ ಬೇಸರವಾಗುವುದಿಲ್ಲ. "ನೀವು", "ಇನ್ನೂ", "ಮತ್ತೆ", "ತಕ್ಷಣ", "ಆಗಲೇ ಹೇಳಿದ್ದೆ" ಬೋಲ್ಡ್ ಆದರೆ ಬೆರಳು ತೋರಿಸಿ ಮಾತಾಡಿದ ಹಾಗಾಗುತ್ತದೆ.

ಇನ್ನೊಂದು ವಿಷಯ. ಫೋನಿನಲ್ಲಿ ನೋಟಿಫಿಕೇಶನ್ ಬಂದಾಗ ಕಾಣುವುದು ವಿಷಯದ ಸಾಲು, ಮೊದಲ ಒಂದೆರಡು ವಾಕ್ಯ, ಅಷ್ಟೇ. ಅಲ್ಲಿ ಬೋಲ್ಡೂ ಇರುವುದಿಲ್ಲ, ಕೆಂಪೂ ಇರುವುದಿಲ್ಲ. ನಿಮ್ಮ ಮೇಲ್‌ನ ಮೊದಲ ಸಾಲು "ಎಲ್ಲರೂ ಗಮನಿಸಿ!!!" ಎಂದಿದೆ. ದಿನ ಎಲ್ಲಿದೆ? ಕೊನೆಯಲ್ಲಿ. ಹಾಗಾಗಿ ಬಣ್ಣ ಬಳಿಯುವ ಮುಂಚೆ ಜಾಗ ಬದಲಿಸಿ:

```
Subject: Timesheet: by Thursday 4 pm
```

"ಗುರುವಾರ ಸಂಜೆ 4ರ ಒಳಗೆ ಈ ತಿಂಗಳ ಟೈಮ್‌ಶೀಟ್ ಸಲ್ಲಿಸಿ. 4 ಗಂಟೆಗೆ ಪಟ್ಟಿ ಸಂಬಳ ವಿಭಾಗಕ್ಕೆ ಹೋಗುತ್ತದೆ. ಆಮೇಲೆ ಬಂದ ಗಂಟೆಗಳು ಮುಂದಿನ ತಿಂಗಳ ಲೆಕ್ಕಕ್ಕೆ ಸೇರುತ್ತವೆ. ಭರ್ತಿ ಮಾಡಲು ತೊಂದರೆ ಇದ್ದರೆ ಬುಧವಾರವೇ ತಿಳಿಸಿ, ಸರಿ ಮಾಡೋಣ."

ಗಂಟೆ, ಕಾರಣ ನಾನು ಸೇರಿಸಿದ್ದು. ನಿಮ್ಮಲ್ಲಿ ಇರುವುದನ್ನು ಹಾಕಿಕೊಳ್ಳಿ. ಆದರೆ ಕಾರಣ ಬಿಡಬೇಡಿ. URGENT ಎಂಬ ಪದ ಮಾಡಬೇಕಿದ್ದ ಕೆಲಸವನ್ನು "4 ಗಂಟೆಗೆ ಪಟ್ಟಿ ಹೋಗುತ್ತದೆ" ಎಂಬ ವಾಕ್ಯ ಮಾಡುತ್ತಿದೆ. ಇಲ್ಲಿ ಬೋಲ್ಡ್ ಬೇಕಿದ್ದರೆ "ಗುರುವಾರ ಸಂಜೆ 4ರ ಒಳಗೆ" ಎಂಬುದಕ್ಕೆ ಮಾತ್ರ. ಅದನ್ನು ತೆಗೆದು ಓದಿದರೂ ಮೇಲ್‌ನ ಅರ್ಥ ಕೆಡುವುದಿಲ್ಲ. ಅದೇ ಪರೀಕ್ಷೆ.

ಐಟಿ ಸಪೋರ್ಟ್‌ನವರು:
ಮುಖ್ಯವಾದದ್ದು ಯಾರೂ ಹೇಳಿಲ್ಲ. ವಿಷಯದ ಸಾಲು ಪೂರ್ತಿ ಕ್ಯಾಪಿಟಲ್ ಇದ್ದು, ಜೊತೆಗೆ ಆಶ್ಚರ್ಯಸೂಚಕ ಇದ್ದರೆ ಮೇಲ್ ಸೀದಾ ಸ್ಪ್ಯಾಮ್‌ಗೆ ಹೋಗುತ್ತದೆ. ಅದಕ್ಕೇ ಯಾರೂ ಸಲ್ಲಿಸಿಲ್ಲ. SpamAssassin ಫಿಲ್ಟರ್‌ನಲ್ಲಿ SUBJ_ALL_CAPS ಅಂತಲೇ ಒಂದು ನಿಯಮ ಇದೆ, ನೋಡಿ.

ತರಬೇತಿ ಕೊಡುವವರು:
ನಿಯಮ ಇರುವುದು ನಿಜ ಸರ್. ಆದರೆ ಅದು ಅಂಕ ಕೂಡಿಸುವ ಪದ್ಧತಿ, ಅಲ್ವಾ? ಕ್ಯಾಪಿಟಲ್‌ಗೆ ಸಿಗುವುದು ಸ್ವಲ್ಪ ಅಂಕ. ಬೇರೆ ಲಕ್ಷಣಗಳೂ ಕೂಡಿ ಮಿತಿ ದಾಟಿದರೆ ಮಾತ್ರ ಸ್ಪ್ಯಾಮ್ ಮುದ್ರೆ ಬೀಳುತ್ತದೆ. ಒಂದೇ ಸಂಸ್ಥೆಯ ಒಳಗಿನ ಮೇಲ್‌ಗೆ ಅಷ್ಟಾಗುವುದು ಅಪರೂಪ. ಅಲ್ಲದೆ ಇವರಿಗೆ ಉತ್ತರ ಬಂದಿದೆ, ಅಂದರೆ ಮೇಲ್ ತಲುಪಿದೆ. ಹೊರಗಿನ ಗ್ರಾಹಕರಿಗೆ ಗುಂಪಾಗಿ ಕಳಿಸುವವರು ಮಾತ್ರ ನಿಮ್ಮ ಎಚ್ಚರಿಕೆಯನ್ನು ಗಂಭೀರವಾಗಿ ತಗೊಳ್ಳಬೇಕು.

ಐಟಿ ಸಪೋರ್ಟ್‌ನವರು:
ಒಪ್ಪಿದೆ. ಇನ್ನೊಂದು ಹೇಳುತ್ತೇನೆ, ಇದು ಖಚಿತ. ಕೆಲವರ ಮೇಲ್ ಕೊನೆಯಲ್ಲಿ ಸುಮ್ನೆ ಒಂದು J ಅಕ್ಷರ ಇರುತ್ತದೆ. ಹಲವರು ಅದನ್ನು ಯಾರದೋ ಹೆಸರಿನ ಮೊದಲ ಅಕ್ಷರ ಅಂದುಕೊಳ್ಳುತ್ತಾರೆ. ಔಟ್‌ಲುಕ್‌ನಲ್ಲಿ :) ಟೈಪ್ ಮಾಡಿದರೆ ಅದು ತಾನೇ ವಿಂಗ್‌ಡಿಂಗ್ಸ್ ಫಾಂಟಿನ ನಗುಮುಖವಾಗುತ್ತಿತ್ತು. ಆ ಫಾಂಟಿನಲ್ಲಿ ನಗುಮುಖ ಕೂತಿರುವುದು J ಜಾಗದಲ್ಲಿ. ಓದುವವರ ಕಡೆ ಆ ಫಾಂಟ್ ಕೆಲಸ ಮಾಡದಿದ್ದರೆ ಬರೀ J ಉಳಿಯುತ್ತದೆ. ನೀವು ಕಳಿಸಿದ ನಗು ಅವರಿಗೆ ನಗುವಾಗಿಯೇ ಕಾಣುತ್ತದೆ ಎಂಬ ಭರವಸೆ ಬೇಡ.

ಮಾರಾಟ ವಿಭಾಗದವರು:
ನನಗೆ ಈ ಚರ್ಚೆಯೇ ಒಪ್ಪಿಗೆ ಇಲ್ಲ. ಗ್ರಾಹಕರಿಗೆ ನಾನು ಆಶ್ಚರ್ಯಸೂಚಕ, ಇಮೋಜಿ ಎರಡೂ ಹಾಕುತ್ತೇನೆ. ಅವರೂ ಹಾಗೇ ಉತ್ತರ ಬರೆಯುತ್ತಾರೆ. ಬರೀ ಪೂರ್ಣವಿರಾಮ ಇಟ್ಟರೆ ಕೋಪ ಬಂದಿದೆ ಅಂದುಕೊಳ್ಳುತ್ತಾರೆ. ನಮ್ಮ ಮ್ಯಾನೇಜರ್ "ಸರಿ." ಅಂತ ಕಳಿಸಿದರೆ ನನಗೆ ಅವತ್ತು ಕೆಲಸವೇ ಸಾಗುವುದಿಲ್ಲ.

ತರಬೇತಿ ಕೊಡುವವರು:
ನಿಮ್ಮ ಮಾತಲ್ಲಿ ಹುರುಳಿದೆ. ಒಂದೇ ಪದದ ಉತ್ತರಕ್ಕೆ ಪೂರ್ಣವಿರಾಮ ಬಿದ್ದರೆ ತಣ್ಣಗೆ ಕೇಳಿಸುತ್ತದೆ. "ಧನ್ಯವಾದ!" ಎಂಬ ಕಡೆ ಒಂದು ಆಶ್ಚರ್ಯಸೂಚಕ ಕೆಲಸ ಮಾಡುತ್ತದೆ. ಅದು ಕೃತಜ್ಞತೆ, ಅಭಿನಂದನೆ, ಸ್ವಾಗತದ ಜೊತೆ ಹೊಂದುತ್ತದೆ. ಬೇಡಿಕೆಯ ಜೊತೆ ಹೊಂದುವುದಿಲ್ಲ. "ಫೈಲ್ ಸಿಕ್ಕಿತು, ಧನ್ಯವಾದ!" ಎಂಬುದು ಬೆಚ್ಚಗಿದೆ. "ಫೈಲ್ ಕಳಿಸಿ!" ಎಂಬುದು ಆಜ್ಞೆ. ಗುರುತು ಒಂದೇ, ಕೂತ ವಾಕ್ಯ ಬೇರೆ.

ಇಮೋಜಿಯ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪರಿಚಯವಿಲ್ಲದವರ ಕೆಲಸದ ಮೇಲ್‌ಗಳನ್ನು ನಗುಮುಖ ಹಾಕಿ, ಹಾಕದೆ ಓದಿಸಿದರು. ನಗುಮುಖ ಹಾಕಿದವರು ಹೆಚ್ಚು ಆತ್ಮೀಯರು ಅಂತ ಓದುಗರಿಗೆ ಅನ್ನಿಸಲಿಲ್ಲ. ಅವರ ಸಾಮರ್ಥ್ಯ ಮಾತ್ರ ಕಡಿಮೆ ಅಂತ ಅನ್ನಿಸಿತು. ಅನೌಪಚಾರಿಕ ಸಂದರ್ಭದಲ್ಲಿ ಈ ನಷ್ಟ ಕಾಣಲಿಲ್ಲ. ನಿಮ್ಮ ಗ್ರಾಹಕರು ನಿಮಗೆ ಹಳಬರು, ಅವರೂ ಇಮೋಜಿ ಕಳಿಸುತ್ತಾರೆ. ಹಾಗಾಗಿ ನಿಮಗೆ ನಡೆಯುತ್ತಿದೆ. ಹೊಸಬರಿಗೆ ಮೊದಲ ಮೇಲ್ ಬರೆಯುವಾಗ ಬಿಡಿ.

ಮಾರಾಟ ವಿಭಾಗದವರು:
ಅದು ಅಧ್ಯಯನದ ಮಾತು. ನನ್ನ ಹೊಸ ಗ್ರಾಹಕರಲ್ಲೂ ಅರ್ಧ ಜನ ಮೊದಲ ಮೇಲ್‌ನಲ್ಲೇ ಇಮೋಜಿ ಹಾಕುತ್ತಾರೆ. ನಾನು ಬಿಡಲ್ಲ.

ಸ್ಕ್ರೀನ್ ರೀಡರ್ ಬಳಸುವವರು:
ನನ್ನ ವಿಷಯ ಸ್ವಲ್ಪ ಬೇರೆ, ಆದರೂ ಹೇಳುತ್ತೇನೆ. ನನಗೆ ಕಣ್ಣು ಕಾಣುವುದಿಲ್ಲ, ಮೇಲ್‌ಗಳನ್ನು ಕೇಳಿಸಿಕೊಳ್ಳುತ್ತೇನೆ. ಬೋಲ್ಡ್, ಬಣ್ಣ ಎರಡನ್ನೂ ಸ್ಕ್ರೀನ್ ರೀಡರ್ ಸಾಮಾನ್ಯವಾಗಿ ತಾನಾಗಿ ಹೇಳುವುದಿಲ್ಲ. "ಕೆಂಪಿನಲ್ಲಿ ಇರುವುದನ್ನು ಭರ್ತಿ ಮಾಡಿ" ಅಂತ ಬರೆದರೆ ನನಗೆ ಯಾವುದು ಅಂತಲೇ ತಿಳಿಯುವುದಿಲ್ಲ. ಇಮೋಜಿಯನ್ನು ಹೆಸರು ಹಿಡಿದು ಓದುತ್ತದೆ. ಒಂದೇ ಸಾಲಿನಲ್ಲಿ ಐದು ಚಪ್ಪಾಳೆ ಇದ್ದರೆ ಅದೇ ಹೆಸರು ಮತ್ತೆ ಮತ್ತೆ ಕೇಳಬೇಕು. ವಾಕ್ಯದ ಮಧ್ಯೆ ಇದ್ದರೆ ವಾಕ್ಯವೇ ಮುರಿಯುತ್ತದೆ. ಕೊನೆಯಲ್ಲಿ ಒಂದು ಇದ್ದರೆ ನನಗೇನೂ ತೊಂದರೆ ಇಲ್ಲ. ಮೇಲೆ ತಿದ್ದಿ ಬರೆದ ಮೇಲ್ ನನಗೆ ಪೂರ್ತಿ ಅರ್ಥವಾಗುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಉಪಯೋಗವಾಯಿತು. ಆದರೆ ಒಂದು ಅನುಮಾನ. ಬಣ್ಣ, ಕ್ಯಾಪಿಟಲ್ ಇಷ್ಟು ದೊಡ್ಡ ವಿಷಯವೇ? ಯಾರಾದರೂ ನಿಜಕ್ಕೂ ಇದಕ್ಕಾಗಿ ತೊಂದರೆಗೆ ಸಿಕ್ಕಿದ್ದಾರಾ?

ತರಬೇತಿ ಕೊಡುವವರು:
ಸಿಕ್ಕಿದ್ದಾರೆ. ನ್ಯೂಜಿಲೆಂಡ್‌ನಲ್ಲಿ ಒಂದು ಆರೋಗ್ಯ ಸಂಸ್ಥೆಯ ಲೆಕ್ಕಪತ್ರ ವಿಭಾಗದ ಮಹಿಳೆಯನ್ನು 2007ರಲ್ಲಿ ಕೆಲಸದಿಂದ ತೆಗೆದರು. ಅವರ ಮೇಲ್‌ಗಳ ಕ್ಯಾಪಿಟಲ್, ಬೋಲ್ಡ್, ಕೆಂಪು ಅಕ್ಷರ ಸಹೋದ್ಯೋಗಿಗಳ ನಡುವೆ ಒಡಕು ತರುತ್ತಿವೆ ಎಂಬುದು ಆರೋಪ. ಸಾಕ್ಷಿಯಾಗಿ ಮುಂದಿಟ್ಟ ಮೇಲ್, ಸಿಬ್ಬಂದಿಯ ಹಣದ ಬೇಡಿಕೆ ಅರ್ಜಿಗಳನ್ನು ಹೇಗೆ ತುಂಬಬೇಕು ಎಂಬ ಸೂಚನೆ. ನಿಮ್ಮ ಮೇಲ್‌ನಂಥದ್ದೇ. ಉದ್ಯೋಗ ವಿವಾದಗಳನ್ನು ನೋಡುವ ಅಲ್ಲಿನ ಪ್ರಾಧಿಕಾರ ವಜಾ ಮಾಡಿದ್ದು ಸರಿಯಲ್ಲ ಎಂದಿತು. 2009ರಲ್ಲಿ 17,000 ನ್ಯೂಜಿಲೆಂಡ್ ಡಾಲರ್ ಪರಿಹಾರ ಕೊಡಿಸಿತು. ಮೇಲ್ ಹೇಗೆ ಬರೆಯಬೇಕು ಎಂಬ ನಿಯಮವೇ ಆ ಸಂಸ್ಥೆಯಲ್ಲಿ ಇರಲಿಲ್ಲ.

ನನಗೆ ಇದರಲ್ಲಿ ಮುಖ್ಯ ಅನ್ನಿಸಿದ್ದು ಪರಿಹಾರದ ಮೊತ್ತವಲ್ಲ. ಆ ಮೇಲ್‌ನಲ್ಲಿ ಬೈಗುಳ ಇರಲಿಲ್ಲ, ದಯವಿಟ್ಟು ಎಂಬ ಪದವೂ ಇತ್ತು. ಆದರೂ ಓದಿದವರಿಗೆ ಜಗಳ ಕೇಳಿಸಿತು.

ಐಟಿ ಸಪೋರ್ಟ್‌ನವರು:
ಹಾಗಾದರೆ ಕ್ಯಾಪಿಟಲ್ ಎಲ್ಲೂ ಬೇಡವೇ?

ತರಬೇತಿ ಕೊಡುವವರು:
ಬೇಕಾದ ಕಡೆ ಬೇಕು. PDF, HR ಥರದ ಸಂಕ್ಷಿಪ್ತ ಹೆಸರು, ಪರದೆಯ ಮೇಲಿನ ಬಟನ್‌ನ ಹೆಸರು ಇದ್ದ ಹಾಗೇ ಇರಲಿ. "Do NOT delete this file" ಎಂಬಲ್ಲಿ ಒಂದು NOT ಕ್ಯಾಪಿಟಲ್ ಆದರೆ ನಾನು ಆಕ್ಷೇಪ ಮಾಡುವುದಿಲ್ಲ. ಅಲ್ಲೂ ಬೋಲ್ಡ್ ವಾಸಿ ಅಂತ ನನ್ನ ಅಭಿಪ್ರಾಯ, ಬೇರೆಯವರು ಒಪ್ಪದಿರಬಹುದು. ಕನ್ನಡದಲ್ಲಿ ಬರೆಯುವಾಗ ಕ್ಯಾಪಿಟಲ್ ಇಲ್ಲವೇ ಇಲ್ಲ, ಹಾಗಾಗಿ ಒತ್ತು ಕೊಡುವ ಭಾರ ಪೂರ್ತಿ ಬೋಲ್ಡ್ ಮತ್ತು ಆಶ್ಚರ್ಯಸೂಚಕದ ಮೇಲೆ ಬೀಳುತ್ತದೆ. ಅಲ್ಲಿ ಇನ್ನೂ ಕೈ ಬಿಗಿ ಹಿಡಿದು ಬಳಸಬೇಕು.

ಪ್ರಶ್ನೆ ಕೇಳಿದವರು:
ಇಷ್ಟೆಲ್ಲ ಸರಿಯಾಗಿ ಬರೆದೂ ಗುರುವಾರ ಬೆಳಿಗ್ಗೆ ಕೆಲವರು ಕೊಡದೇ ಇದ್ದರೆ? ಆಗಲಾದರೂ ಕೆಂಪು ಹಾಕಬಹುದಾ?

ತರಬೇತಿ ಕೊಡುವವರು:
ಹಾಕಬೇಡಿ. ಎರಡನೇ ಸಲ ಬದಲಿಸಬೇಕಾದದ್ದು ಅಕ್ಷರವಲ್ಲ, ಕಳಿಸುವ ಪಟ್ಟಿ. ನಿಮ್ಮ ಮೊದಲ ಮೇಲ್ ಎಲ್ಲರಿಗೂ ಹೋಗಿತ್ತು. ಆಗಲೇ ಕೊಟ್ಟವರಿಗೂ "ಇನ್ನೂ ಸಲ್ಲಿಸಿಲ್ಲ" ಎಂದು ಕಾಣಿಸಿತು. "ಯಾಕೆ ಕೂಗುತ್ತೀರಿ" ಎಂದ ಹಿರಿಯರು ಕೊಟ್ಟವರ ಪೈಕಿಯೋ ಅಲ್ಲವೋ, ಒಮ್ಮೆ ನೋಡಿ. ಇತ್ತ ಕೊಡದೇ ಇದ್ದವರು ಅದನ್ನು ಬೇರೆ ಯಾರಿಗೋ ಬರೆದದ್ದು ಅಂದುಕೊಂಡಿರಬಹುದು. ಗುರುವಾರ ಬೆಳಿಗ್ಗೆ ಬಾಕಿ ಇರುವವರಿಗೆ ಮಾತ್ರ, ಒಬ್ಬೊಬ್ಬರಿಗೇ, ಹೆಸರು ಹಾಕಿ ಕಳಿಸಿ: "ನಿಮ್ಮ ಟೈಮ್‌ಶೀಟ್ ನನಗೆ ಇನ್ನೂ ಸಿಕ್ಕಿಲ್ಲ. ಇವತ್ತು ಸಂಜೆ 4ಕ್ಕೆ ಪಟ್ಟಿ ಹೋಗುತ್ತದೆ. ಏನಾದರೂ ಅಡ್ಡಿ ಇದೆಯಾ?" ಇದರಲ್ಲಿ ಬೋಲ್ಡ್ ಕೂಡ ಬೇಡ.

ಪ್ರಶ್ನೆ ಕೇಳಿದವರು:
ಈಗ ನೋಡಿದೆ. ಆ ಹಿರಿಯರು ಎರಡು ದಿನ ಮುಂಚೆಯೇ ಕೊಟ್ಟಿದ್ದರು. ಅವರಿಗೆ ಒಂದು ಸಾಲು ಬರೆದು, ಬಾಕಿ ಇರುವವರಿಗೆ ಒಬ್ಬೊಬ್ಬರಿಗೇ ಕಳಿಸುತ್ತೇನೆ.